‘ಲೈಟ್ ಡ್ಯೂಟಿ’ ಎಂದರೆ ಎಷ್ಟು ಕಿಲೋ?

ಬೆನ್ನಿಗೆ ಪೆಟ್ಟಾಗಿ ರಜೆಯಲ್ಲಿದ್ದ ಕಾರ್ಮಿಕ ಕೆಲಸಕ್ಕೆ ಮರಳುವಾಗ, ಚಿಕಿತ್ಸೆ ಕೊಟ್ಟ ವೈದ್ಯರಿಂದ ಮಾಲೀಕರಿಗೆ ಒಂದು ಪತ್ರ ಹೋಗುತ್ತದೆ. ಬಹಳಷ್ಟು ಪತ್ರಗಳಲ್ಲಿ ಇರುವುದು ಒಂದೇ ಸಾಲು: ‘ಇವರು ಕೆಲಸಕ್ಕೆ ಹಾಜರಾಗಲು ಅರ್ಹರಿದ್ದಾರೆ, ಒಂದು ತಿಂಗಳು ಲೈಟ್ ಡ್ಯೂಟಿ ಕೊಡಬಹುದು.’ ಬರೆದ ವೈದ್ಯರಿಗೆ ಇದರ ಅರ್ಥ ಸ್ಪಷ್ಟ. ಓದುವ ಸೂಪರ್‌ವೈಸರ್‌ಗೆ ಸ್ಪಷ್ಟವಿಲ್ಲ. ಐವತ್ತು ಕಿಲೋ ಸಕ್ಕರೆ ಚೀಲ ಬೇಡ, ಹದಿನೈದು ಕಿಲೋ ಎಣ್ಣೆ ಟಿನ್ ಎತ್ತಲಿ ಎಂದು ಒಬ್ಬರು ತಿಳಿಯುತ್ತಾರೆ. ಗೇಟಿನ ಬಳಿ ಕುರ್ಚಿ ಹಾಕಿ ಎಂಟು ಗಂಟೆ ಕೂರಿಸಿದರೆ ಸಾಕು ಎಂದು ಇನ್ನೊಬ್ಬರು ತಿಳಿಯುತ್ತಾರೆ. ಬೆನ್ನಿನ ನೋವು ಕಾಲಿಗೆ ಇಳಿದಿದ್ದವರಿಗೆ ಈ ಎರಡೂ ಹಗುರ ಕೆಲಸಗಳಲ್ಲ.

ಈ ಅಸ್ಪಷ್ಟತೆಗೆ ವೈದ್ಯರ ಅವಸರ ಒಂದೇ ಕಾರಣವಲ್ಲ. ಭಾರತದಲ್ಲಿ ವೈದ್ಯರ ವೃತ್ತಿ ನಡತೆಯ ನಿಯಮಾವಳಿ 2002ರಲ್ಲಿ ಬಂತು. ಅದರ ಜೊತೆಗಿರುವ ಪ್ರಮಾಣಪತ್ರದ ನಮೂನೆಯಲ್ಲಿ ಮುಖ್ಯವಾಗಿ ಎರಡು ಸ್ಥಿತಿಗಳಿಗೆ ಜಾಗವಿದೆ. ರೋಗಿಗೆ ಇಷ್ಟು ದಿನ ರಜೆ ಅಗತ್ಯ ಎನ್ನುವುದು ಒಂದು, ಆರೋಗ್ಯ ಮರಳಿದ್ದು ಕೆಲಸಕ್ಕೆ ಸೇರಲು ಅರ್ಹರು ಎನ್ನುವುದು ಇನ್ನೊಂದು. ಬೆನ್ನಿನ ತೊಂದರೆ ಇರುವವರು ವಾರಗಟ್ಟಲೆ ಈ ಎರಡರ ನಡುವೆಯೇ ಇರುತ್ತಾರೆ. ಕೆಲಸ ಮಾಡಬಲ್ಲರು, ಆದರೆ ಎಲ್ಲ ಕೆಲಸವನ್ನಲ್ಲ. ಬ್ರಿಟನ್ನಿನಲ್ಲಿ 2010ರ ಏಪ್ರಿಲ್‌ನಿಂದ ಬಳಕೆಯಲ್ಲಿರುವ ‘ಫಿಟ್ ನೋಟ್’ನಲ್ಲಿ ಈ ನಡುವಿನ ಸ್ಥಿತಿಗೆ ಪ್ರತ್ಯೇಕ ಜಾಗವಿದೆ. ಹಂತಹಂತವಾಗಿ ಮರಳುವುದು, ಕೆಲಸದ ವೇಳೆ ಬದಲಿಸುವುದು, ಕೆಲಸದ ಬಗೆ ಬದಲಿಸುವುದು, ಕೆಲಸದ ಸ್ಥಳದಲ್ಲಿ ಮಾರ್ಪಾಡು ಮಾಡುವುದು ಎಂಬ ನಾಲ್ಕರಲ್ಲಿ ಬೇಕಾದುದನ್ನು ವೈದ್ಯರು ಗುರುತು ಹಾಕಿ ವಿವರ ಬರೆಯುತ್ತಾರೆ. ಅಮೆರಿಕದ ಕಾರ್ಮಿಕ ಇಲಾಖೆಯ ವರ್ಗೀಕರಣದಲ್ಲಿ ‘ಹಗುರ’ ಎನ್ನುವುದಕ್ಕೇ ತೂಕದ ಮಿತಿಯಿದೆ: ದಿನದ ಮೂರನೇ ಒಂದು ಭಾಗದವರೆಗೆ ಆಗೊಮ್ಮೆ ಈಗೊಮ್ಮೆ ಸುಮಾರು 9 ಕಿಲೋ, ಅದಕ್ಕಿಂತ ಹೆಚ್ಚು ಹೊತ್ತು ಎತ್ತುವುದಾದರೆ ಸುಮಾರು 4.5 ಕಿಲೋ. ನಮ್ಮಲ್ಲಿ ಹಾಗೆ ಸಿದ್ಧ ನಮೂನೆ ಇಲ್ಲದಿರುವುದರಿಂದ ವೈದ್ಯರು ಲೆಟರ್‌ಹೆಡ್‌ನ ಮೇಲೆ ತಾವೇ ಬರೆಯಬೇಕು. ಅವರು ಏನು ಬರೆಯುತ್ತಾರೋ ಅದರ ಮೇಲೆ ಮುಂದಿನ ಎರಡು ತಿಂಗಳು ಆ ಬೆನ್ನು ಏನಾಗುತ್ತದೆ ಎಂಬುದು ನಿಂತಿರುತ್ತದೆ.

ಒಂದು ಉದಾಹರಣೆಯನ್ನು ಹಿಡಿದು ನೋಡಬಹುದು. ದಿನಸಿ ಸರಬರಾಜು ಮಾಡುವ ಗೋದಾಮಿನಲ್ಲಿ ದುಡಿಯುವ ಮೂವತ್ತೆಂಟರ ಒಬ್ಬ ಕಾರ್ಮಿಕ. ಮೇ ಮೊದಲ ವಾರದಲ್ಲಿ ನೆಲದ ಮೇಲಿದ್ದ 50 ಕಿಲೋ ಚೀಲವನ್ನು ಎತ್ತಿ, ಪಕ್ಕಕ್ಕೆ ತಿರುಗಿ ಟ್ರಾಲಿಗೆ ಹಾಕುವಾಗ ಸೊಂಟ ಹಿಡಿದುಕೊಂಡಿತು. ಎರಡು ದಿನದ ನಂತರ ನೋವು ಎಡ ಕುಂಡೆಯಿಂದ ಮೀನಖಂಡದವರೆಗೆ ಇಳಿಯಿತು, ಪಾದದ ಮೇಲ್ಭಾಗ ಮತ್ತು ಹೆಬ್ಬೆರಳಿನ ಬಳಿ ಜೋಮು ಬಂತು. ಬೆನ್ನುಮೂಳೆಯ ಕೆಳಭಾಗದಲ್ಲಿ ನಾಲ್ಕನೆಯ ಮತ್ತು ಐದನೆಯ ಸೊಂಟದ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ನರದ ಬೇರನ್ನು ಒತ್ತಿದಾಗ ಸಾಮಾನ್ಯವಾಗಿ ಕಾಣುವ ಚಿತ್ರ ಇದು. ವೈದ್ಯರು ಮೊದಲು ಕೇಳುವುದು ಮೂತ್ರ ಸಲೀಸಾಗಿ ಹೋಗುತ್ತಿದೆಯೇ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯುತ್ತಿದೆಯೇ ಎಂದು. ಅವು ಕೆಟ್ಟಿದ್ದರೆ ಅದು ತುರ್ತು ಶಸ್ತ್ರಚಿಕಿತ್ಸೆಯ ವಿಷಯ, ಲೈಟ್ ಡ್ಯೂಟಿಯ ಮಾತೇ ಬರುವುದಿಲ್ಲ. ಇವರಿಗೆ ಅದು ಸರಿಯಿತ್ತು. ಕಾಲಿನ ಹೆಬ್ಬೆರಳನ್ನು ಮೇಲೆತ್ತುವ ಬಲವೂ ಕುಂದಿರಲಿಲ್ಲ. ಮಲಗಿ ಮಂಡಿ ಮಡಿಸದೆ ಎಡಗಾಲನ್ನು ಎತ್ತಿದರೆ ಮಾತ್ರ 40 ಡಿಗ್ರಿಗೇ ನೋವು ಕಾಲಿನುದ್ದಕ್ಕೂ ಹರಿಯುತ್ತಿತ್ತು.

ಇಂಥ ನೋವಿನಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ವಾರಗಳಲ್ಲಿ ಸುಧಾರಣೆ ಕಾಣುತ್ತದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿಸುವ ಹಳೆಯ ಪದ್ಧತಿಯನ್ನು ವೈದ್ಯಶಾಸ್ತ್ರ ಈಗ ಕೈಬಿಟ್ಟಿದೆ. ಮಲಗಿದಷ್ಟೂ ಬೆನ್ನಿನ ಮತ್ತು ತೊಡೆಯ ಸ್ನಾಯುಗಳು ಸೊರಗುತ್ತವೆ, ಬಗ್ಗಲು ಭಯ ಹೆಚ್ಚುತ್ತದೆ. ಆದ್ದರಿಂದ ಹಗುರವಾದ ಕೆಲಸಕ್ಕೆ ಬೇಗ ಮರಳುವುದು ಚಿಕಿತ್ಸೆಯ ಒಂದು ಭಾಗವೇ ಹೌದು. ಆದರೆ ಆ ಕೆಲಸ ಎಷ್ಟು ಹಗುರ ಎಂಬುದನ್ನು ಅಳೆದು ಹೇಳಬೇಕು.

ಎಂಆರ್‌ಐ ಚಿತ್ರ ನೋಡಿ ಅದನ್ನು ಅಳೆಯಲು ಆಗುವುದಿಲ್ಲ. ನೋವೇ ಇಲ್ಲದವರ ಬೆನ್ನಿನ ಎಂಆರ್‌ಐನಲ್ಲೂ ಸವೆದ ಡಿಸ್ಕ್, ಉಬ್ಬಿದ ಡಿಸ್ಕ್ ಕಾಣುವುದು ಸಾಮಾನ್ಯ, ವಯಸ್ಸಾದಂತೆ ಅದು ಇನ್ನೂ ಹೆಚ್ಚು. ಚಿತ್ರದಲ್ಲಿ ಉಬ್ಬು ಇದೆ ಎಂದು ಆರು ತಿಂಗಳು ಭಾರ ಎತ್ತಬೇಡ ಎನ್ನುವುದೂ, ಉಬ್ಬು ಚಿಕ್ಕದು ಎಂದು ನಾಳೆಯಿಂದಲೇ ಚೀಲ ಹೊರು ಎನ್ನುವುದೂ ಅಷ್ಟೇ ತಪ್ಪು. ನೋಡಬೇಕಾದ್ದು ದೇಹ ಏನು ಮಾಡಬಲ್ಲದು ಎಂಬುದನ್ನು. ಇಲ್ಲಿ ವೈದ್ಯರು ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಪತ್ರ ತಾನಾಗಿ ತಿಳಿಯಾಗುತ್ತದೆ. ಮಾಡಬಲ್ಲರಾದರೂ ಹಾನಿಯ ಭಯದಿಂದ ಮಾಡಬಾರದ್ದು ಯಾವುದು? ಮಾಡಲು ದೇಹಕ್ಕೆ ಸದ್ಯ ಶಕ್ತಿಯೇ ಇಲ್ಲದ್ದು ಯಾವುದು? ಶಕ್ತಿಯಿದೆ, ಹಾನಿಯಿಲ್ಲ, ಆದರೆ ನೋವು ಸಹಿಸಬೇಕಾದ್ದು ಯಾವುದು? ಮೂರನೆಯದನ್ನು ನಿರ್ಧರಿಸಬೇಕಾದವರು ಬಹುಮಟ್ಟಿಗೆ ಕಾರ್ಮಿಕರೇ. ಅಲ್ಲಿ ವೈದ್ಯರ ಕೆಲಸ, ಸ್ವಲ್ಪ ನೋವು ಬಂದ ಮಾತ್ರಕ್ಕೆ ಬೆನ್ನು ಕೆಡುತ್ತಿದೆ ಎಂದರ್ಥವಲ್ಲ ಎಂದು ಬಿಡಿಸಿ ಹೇಳುವುದು.

ಆರು ವಾರ ಕಳೆಯುವಷ್ಟರಲ್ಲಿ ಗೋದಾಮಿನ ಈ ಕಾರ್ಮಿಕರ ನೋವು ಮೀನಖಂಡವನ್ನು ಬಿಟ್ಟು ಮೇಲೇರಿ ಕುಂಡೆಯ ಮಟ್ಟಕ್ಕೆ ಬಂದಿತ್ತು. ಕಾಲಿನ ನೋವು ಹೀಗೆ ಬೆನ್ನಿನ ಕಡೆಗೆ ಸರಿಯುವುದು ಒಳ್ಳೆಯ ಲಕ್ಷಣ. ಕಾಲು ಈಗ 70 ಡಿಗ್ರಿವರೆಗೆ ಏಳುತ್ತಿತ್ತು. ಮುಕ್ಕಾಲು ಗಂಟೆ ನಡೆಯಬಲ್ಲರು, ಅರ್ಧ ಗಂಟೆ ಕೂತರೆ ಎದ್ದು ಓಡಾಡಬೇಕೆನಿಸುತ್ತದೆ. ಫಿಸಿಯೊಥೆರಪಿ ಕೊಠಡಿಯಲ್ಲಿ ಸೊಂಟದೆತ್ತರದ ಮೇಜಿನಿಂದ 8 ಕಿಲೋ ಪೆಟ್ಟಿಗೆಯನ್ನು ಹತ್ತು ಬಾರಿ ಎತ್ತಿಟ್ಟರು, ಮರುದಿನ ನೋವು ಹೆಚ್ಚಿರಲಿಲ್ಲ. ಅದೇ ಪೆಟ್ಟಿಗೆಯನ್ನು ನೆಲದಿಂದ ಎತ್ತಿದಾಗ ಕಾಲಿಗೆ ಮತ್ತೆ ಜೋಮು ಬಂತು. ಪತ್ರಕ್ಕೆ ಬೇಕಾದ ಮಾಹಿತಿಯೆಲ್ಲ ಇಷ್ಟರಲ್ಲೇ ಇದೆ.

ಇನ್ನೊಂದು ಬದಿಯ ಮಾಹಿತಿಯೂ ಬೇಕು, ಅದು ಕೆಲಸದ ವಿವರ. ರೋಗಿಯನ್ನೇ ಕೇಳಿದರೆ ಸಿಗುತ್ತದೆ: ಬೆಳಿಗ್ಗೆ ಆರಕ್ಕೆ ಲಾರಿ ಇಳಿಸುವುದು, ಹತ್ತರ ನಂತರ ಅಂಗಡಿಗಳ ಆರ್ಡರ್ ನೋಡಿ ಸಣ್ಣ ಪ್ಯಾಕೆಟ್‌ಗಳನ್ನು ರ‍್ಯಾಕಿನಿಂದ ತೆಗೆದು ಕ್ರೇಟಿಗೆ ತುಂಬುವುದು, ಮಧ್ಯಾಹ್ನ ಬಿಲ್ ತಾಳೆ ನೋಡುವುದು. ಹೀಗೆ ಕೇಳಿದಾಗ ಹೊಸದಾಗಿ ಕೆಲಸ ಸೃಷ್ಟಿಸಬೇಕಾಗಿಲ್ಲ, ಇರುವ ಕೆಲಸದಲ್ಲೇ ಒಂದು ಭಾಗವನ್ನು ಬಿಟ್ಟರೆ ಸಾಕು ಎಂಬುದು ಎದ್ದು ಕಾಣುತ್ತದೆ. ಮಾಲೀಕರು ಒಪ್ಪುವುದು ಹೆಚ್ಚಾಗಿ ಇಂಥ ಪತ್ರಕ್ಕೇ.

ಆ ಪತ್ರ ಹೀಗಿರಬಹುದು:

‘ಮಾನ್ಯರೇ, ನಿಮ್ಮ ಗೋದಾಮಿನ ಸಿಬ್ಬಂದಿಯಾದ ಇವರು ಕೆಲಸದ ವೇಳೆ ಚೀಲ ಎತ್ತುವಾಗ ಬೆನ್ನಿಗೆ ಪೆಟ್ಟಾಯಿತೆಂದು ತಿಳಿಸಿ ಮೇ 6ರಿಂದ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಅವರ ಒಪ್ಪಿಗೆ ಪಡೆದು ಈ ಪತ್ರ ಬರೆಯುತ್ತಿದ್ದೇನೆ. ಇಂದು, ಜೂನ್ 13ರಂದು, ಅವರನ್ನು ಪರೀಕ್ಷಿಸಿದ್ದೇನೆ. ಜೂನ್ 15ರಿಂದ 28ರವರೆಗೆ ಕೆಳಗಿನ ಮಿತಿಯೊಳಗೆ ಕೆಲಸ ಮಾಡಲು ಅವರು ಅರ್ಹರು.

ಆರ್ಡರ್ ತುಂಬುವುದು, ಬಿಲ್ ತಾಳೆ ನೋಡುವುದು, ಗೋದಾಮಿನೊಳಗೆ ನಡೆದಾಡುವುದು ಮಾಡಬಹುದು. ಮಂಡಿಯಿಂದ ಎದೆಯವರೆಗಿನ ಎತ್ತರದಲ್ಲಿ, ಮೈಗೆ ಹತ್ತಿರ ಹಿಡಿದು, 5 ಕಿಲೋವರೆಗೆ ಎತ್ತಬಹುದು. ನೆಲದಿಂದ ಏನನ್ನೂ ಎತ್ತಬಾರದು. ಲಾರಿಗೆ ತುಂಬುವ, ಇಳಿಸುವ ಕೆಲಸ ಬೇಡ. ಬಗ್ಗಿಕೊಂಡೇ ಸೊಂಟ ತಿರುಗಿಸುವ ಕೆಲಸ ಬೇಡ. ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು ಕೂರುವಂತಾಗಬಾರದು, ನಡುವೆ ಐದು ನಿಮಿಷ ಎದ್ದು ಓಡಾಡಲು ಬಿಡಬೇಕು. ಮೊದಲ ವಾರ ದಿನಕ್ಕೆ ನಾಲ್ಕು ಗಂಟೆ, ಎರಡನೇ ವಾರ ಆರು ಗಂಟೆ ಕೆಲಸ ಸಾಕು, ಬೆಳಿಗ್ಗೆ ಒಂಬತ್ತರ ನಂತರ ಶುರುವಾದರೆ ಒಳ್ಳೆಯದು. ಅವರು ತೆಗೆದುಕೊಳ್ಳುತ್ತಿರುವ ಔಷಧಿಯಿಂದ ತೂಕಡಿಕೆ ಬರಬಹುದಾದ್ದರಿಂದ ಫೋರ್ಕ್‌ಲಿಫ್ಟ್ ಅಥವಾ ಯಾವುದೇ ವಾಹನ ನಡೆಸಬಾರದು.

ಕಾಲಿನ ನೋವು ಅಥವಾ ಜೋಮು ಹೆಚ್ಚಾದರೆ ಅಂದೇ ಕೆಲಸ ನಿಲ್ಲಿಸಿ ನನ್ನ ಬಳಿ ಕಳಿಸಿ. ಜೂನ್ 27ರಂದು ಮತ್ತೆ ಪರೀಕ್ಷಿಸಿ ಮುಂದಿನ ಹಂತ ತಿಳಿಸುತ್ತೇನೆ. ಈ ಮಿತಿಯೊಳಗೆ ಕೆಲಸ ಕೊಡಲು ನಿಮ್ಮಲ್ಲಿ ಸಾಧ್ಯವಿಲ್ಲದಿದ್ದರೆ, ಆ ದಿನದವರೆಗೆ ಅವರಿಗೆ ರಜೆ ಅಗತ್ಯವಿದೆ ಎಂದು ತಿಳಿಯಬೇಕಾಗಿ ವಿನಂತಿ.’

ಕೆಳಗೆ ವೈದ್ಯರ ಸಹಿ, ದಿನಾಂಕ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಮೊಹರು. ರೋಗಿಯ ಸಹಿ ಅಥವಾ ಹೆಬ್ಬೆಟ್ಟು ಮತ್ತು ಒಂದು ಗುರುತಿನ ಚಿಹ್ನೆಯೂ ದಾಖಲಾಗಬೇಕು. ಕೊಟ್ಟ ಪ್ರಮಾಣಪತ್ರಗಳ ರಿಜಿಸ್ಟರ್ ಇಡಬೇಕೆಂದು 2002ರ ನಿಯಮಾವಳಿ ಹೇಳುತ್ತದೆ. ಪತ್ರದ ಒಂದು ಪ್ರತಿ ರೋಗಿಯ ಕೈಯಲ್ಲೂ ಇರಬೇಕು. ರಾತ್ರಿ ಶಿಫ್ಟಿನ ಸೂಪರ್‌ವೈಸರ್‌ಗೆ ಕಚೇರಿಯ ಫೈಲಿನೊಳಗಿನ ಪತ್ರ ಕಾಣುವುದಿಲ್ಲ. ಹಾಗೆಯೇ, ಕೆಲಸ ಹಂಚುವವರು ಕನ್ನಡ ಓದುವವರಾದರೆ ಪತ್ರ ಕನ್ನಡದಲ್ಲಿರುವುದು ಲೇಸು. ಇಂಗ್ಲಿಷಿನಲ್ಲಿ ಬರೆದ ಎಚ್ಚರಿಕೆ ಎಷ್ಟೋ ಕಡೆ ಎಚ್‌ಆರ್ ವಿಭಾಗದ ಮೇಜನ್ನು ದಾಟುವುದೇ ಇಲ್ಲ.

ಪತ್ರದಲ್ಲಿ ತೂಕದ ಜೊತೆಗೆ ಎತ್ತರ ಮತ್ತು ದೂರವನ್ನು ಹೇಳಿರುವುದಕ್ಕೆ ಕಾರಣವಿದೆ. ಬೆನ್ನಿನ ಮೇಲೆ ಬೀಳುವ ಹೊರೆಯನ್ನು ತೂಕವೊಂದೇ ನಿರ್ಧರಿಸುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್ ರೂಪಿಸಿದ ಎತ್ತುವಿಕೆಯ ಸೂತ್ರ ಇದನ್ನು ಲೆಕ್ಕದಲ್ಲಿ ತೋರಿಸುತ್ತದೆ. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಭಾರ ದೇಹದಿಂದ 25 ಸೆಂಟಿಮೀಟರ್ ದೂರದಲ್ಲಿ, ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿ ಇದ್ದು, ತಿರುಗದೆ ಅಪರೂಪಕ್ಕೊಮ್ಮೆ ಎತ್ತುವುದಾದರೆ, ಅದು ಹೇಳುವ ಮಿತಿ 23 ಕಿಲೋ. ಅದೇ ಭಾರವನ್ನು 50 ಸೆಂಟಿಮೀಟರ್ ದೂರದಲ್ಲಿ ಕೈಚಾಚಿ ಹಿಡಿದರೆ ಮಿತಿ ಅರ್ಧಕ್ಕೆ, 11.5 ಕಿಲೋಗೆ ಇಳಿಯುತ್ತದೆ. ನೆಲದ ಮಟ್ಟದಿಂದ ಎತ್ತಿದರೆ ಇನ್ನಷ್ಟು ಇಳಿಯುತ್ತದೆ, ಮೈ ತಿರುಗಿಸಿದರೆ ಮತ್ತಷ್ಟು. ಇದು ಆರೋಗ್ಯವಂತರಿಗೆ ಮಾಡಿದ ಲೆಕ್ಕ, ಪೆಟ್ಟಾದ ಬೆನ್ನಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಆದರೆ ಅದು ಕಲಿಸುವ ಪಾಠ ಅನ್ವಯಿಸುತ್ತದೆ: ‘5 ಕಿಲೋ ಮೀರಬಾರದು’ ಎಂದಷ್ಟೇ ಬರೆದರೆ ರ‍್ಯಾಕಿನ ಕೆಳಗಿನ ಸಾಲಿನೊಳಗೆ ಬಗ್ಗಿ, ಕೈಚಾಚಿ 4 ಕಿಲೋ ತೆಗೆಯುವ ಕೆಲಸವನ್ನು ಆ ಪತ್ರ ತಡೆಯುವುದಿಲ್ಲ. ಮಿತಿಯನ್ನು 8ರ ಬದಲು 5 ಕಿಲೋಗೆ ಇಟ್ಟದ್ದೂ ಇದೇ ಎಚ್ಚರದಿಂದ. ಚಿಕಿತ್ಸಾ ಕೊಠಡಿಯಲ್ಲಿ ಹತ್ತು ಬಾರಿ ಎತ್ತುವುದು ಬೇರೆ, ಗೋದಾಮಿನಲ್ಲಿ ದಿನಕ್ಕೆ ನೂರು ಬಾರಿ ಎತ್ತುವುದು ಬೇರೆ.

ಬೆಳಿಗ್ಗೆ ಒಂಬತ್ತರ ನಂತರ ಎಂಬ ಸೂಚನೆ ಮಾಲೀಕರಿಗೆ ವಿಚಿತ್ರವೆನಿಸಬಹುದು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ, ಎದ್ದು ಓಡಾಡತೊಡಗಿದ ಮೇಲೆ ನಿಧಾನವಾಗಿ ಇಳಿಯುತ್ತವೆ. ಎದ್ದ ಮೊದಲ ಒಂದೆರಡು ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ನಸುಕಿನಲ್ಲಿ ಎದ್ದು ಬಂದು ಆರು ಗಂಟೆಗೆ ಲಾರಿ ಇಳಿಸುವುದು ಅಂಥ ಬೆನ್ನಿಗೆ ಎಲ್ಲಕ್ಕಿಂತ ಕೆಟ್ಟ ಕೆಲಸ. ಕೂರುವ ಮಿತಿಗೂ ಇಂಥದೇ ಕಾರಣ. ಕುರ್ಚಿಯ ಕೆಲಸ ಹಗುರ ಎಂಬ ನಂಬಿಕೆ ಎಷ್ಟು ಗಟ್ಟಿ ಎಂದರೆ ಸಾರಿಗೆ ಸಂಸ್ಥೆಗಳ ಡಿಪೋದಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲರೂ ಮೊದಲು ಕೊಡುವುದು ಅದನ್ನೇ. ಆದರೆ ಬಾಗಿ ಕೂತಾಗ ಡಿಸ್ಕಿನ ಹಿಂಬದಿ ನರದ ಕಡೆಗೆ ತಳ್ಳಿಕೊಳ್ಳುತ್ತದೆ. ಕಾಲಿಗೆ ನೋವಿಳಿದ ಬಹಳ ಮಂದಿಗೆ ನಡೆಯುವುದಕ್ಕಿಂತ ಕೂರುವುದೇ ಕಷ್ಟ.

ಪತ್ರದಲ್ಲಿ ಇಲ್ಲದ ಒಂದು ವಿಷಯ ರೋಗದ ಹೆಸರು. ಡಿಸ್ಕ್, ನರ, ಎಂಆರ್‌ಐ ಯಾವುದೂ ಅಲ್ಲಿಲ್ಲ. ಚಿಕಿತ್ಸೆಯ ವೇಳೆ ತಿಳಿದ ರೋಗಿಯ ಗುಟ್ಟನ್ನು ಬಯಲು ಮಾಡಬಾರದೆಂಬುದು ವೃತ್ತಿ ನಿಯಮ. ನ್ಯಾಯಾಲಯದ ಆದೇಶ, ಇನ್ನೊಬ್ಬರಿಗೆ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಇಂಥ ಕೆಲವೇ ವಿನಾಯಿತಿಗಳಿವೆ. ಮಾಲೀಕರಿಗೆ ಬೇಕಾದ್ದು ಏನು ಮಾಡಿಸಬಹುದು, ಏನು ಮಾಡಿಸಬಾರದು ಎಂಬ ಮಾಹಿತಿ. ‘ಡಿಸ್ಕ್ ಜಾರಿದೆ’ ಎಂಬ ಮಾತು ಒಮ್ಮೆ ಫೈಲು ಸೇರಿದರೆ, ಬೆನ್ನು ಪೂರ್ತಿ ವಾಸಿಯಾದ ಮೇಲೂ ಅದು ಬಡ್ತಿಗೆ ಅಡ್ಡ ಬರುತ್ತದೆ. ರಜೆಯ ಪ್ರಮಾಣಪತ್ರದ ನಮೂನೆ ರೋಗದ ಹೆಸರು ಕೇಳುತ್ತದೆ ನಿಜ. ಅಲ್ಲಿಯೂ ರೋಗಿಯೊಡನೆ ಮಾತಾಡಿ, ಬೇಕಾದಷ್ಟನ್ನೇ ಬರೆಯುವುದು ಸರಿಯಾದ ಕ್ರಮ.

‘ಕೆಲಸದ ವೇಳೆ ಪೆಟ್ಟಾಯಿತೆಂದು ತಿಳಿಸಿ’ ಎಂಬ ಪದಗಳನ್ನೂ ಎಚ್ಚರದಿಂದ ಆಯ್ದಿರುವುದು. ವೈದ್ಯರು ಗೋದಾಮಿನಲ್ಲಿ ನಿಂತು ಕಂಡವರಲ್ಲ, ಆದ್ದರಿಂದ ರೋಗಿ ಹೇಳಿದ್ದನ್ನು ರೋಗಿ ಹೇಳಿದ್ದಾಗಿಯೇ ಬರೆಯುತ್ತಾರೆ. ಅದನ್ನು ಪೂರ್ತಿ ಬಿಟ್ಟರೂ ಅನ್ಯಾಯ. ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ಸಾಮಾನ್ಯ ಕಾಯಿಲೆಯ ರಜೆಗೆ ಸರಾಸರಿ ದಿನಗೂಲಿಯ ಶೇ 70ರಷ್ಟು ಭತ್ಯೆ ಸಿಕ್ಕರೆ, ಕೆಲಸದಲ್ಲಾದ ಪೆಟ್ಟಿನಿಂದ ಬಂದ ತಾತ್ಕಾಲಿಕ ಅಸಮರ್ಥತೆಗೆ ಶೇ 90ರಷ್ಟು ಸಿಗುತ್ತದೆ. ಮೊದಲ ದಿನದ ಚೀಟಿಯಲ್ಲಿ ‘ಚೀಲ ಎತ್ತುವಾಗ’ ಎಂಬ ಮಾತಿಲ್ಲದಿದ್ದರೆ ಮುಂದೆ ಅದನ್ನು ಸಾಬೀತುಪಡಿಸುವುದು ಕಷ್ಟ.

ಕೂಲಿಯ ಪ್ರಶ್ನೆ ಇನ್ನೊಂದು ತಿರುವಿನಲ್ಲಿಯೂ ಬರುತ್ತದೆ. ಕೂಲಿ ಪಡೆದು ಕೆಲಸ ಮಾಡಿದ ದಿನಕ್ಕೆ ಇಎಸ್‌ಐ ಭತ್ಯೆ ಇಲ್ಲ. ನಾಲ್ಕು ಗಂಟೆ ಕೆಲಸ ಮಾಡಿಸಿ ಮಾಲೀಕರು ಅರ್ಧ ಕೂಲಿ ಕೊಟ್ಟರೆ, ಮನೆಯಲ್ಲಿ ಮಲಗಿದ್ದಾಗ ಸಿಗುತ್ತಿದ್ದುದಕ್ಕಿಂತ ಕಡಿಮೆ ಹಣ ಕಾರ್ಮಿಕರ ಕೈ ಸೇರುತ್ತದೆ. ಗುಣವಾಗಲು ನೆರವಾಗಬೇಕಾದ ವ್ಯವಸ್ಥೆ ಹೀಗೆ ದಂಡವಾಗಿಬಿಡುತ್ತದೆ. ವೈದ್ಯರು ಕೂಲಿಯನ್ನು ನಿರ್ಧರಿಸಲಾರರು. ಆದರೆ ಗಂಟೆ ಕಡಿಮೆ ಮಾಡುವ ಮುನ್ನ ಈ ಮಾತನ್ನು ರೋಗಿಯ ಬಳಿ ಆಡಬೇಕು. ಕೂಲಿ ಕಡಿತವಾಗುವುದಾದರೆ ಗಂಟೆ ಪೂರ್ತಿ ಇಟ್ಟು ಕೆಲಸದ ಬಗೆಯನ್ನು ಇನ್ನಷ್ಟು ಹಗುರ ಮಾಡಬಹುದು, ಇಲ್ಲವೇ ಇನ್ನೊಂದು ವಾರ ಕಾದು ಕಳಿಸಬಹುದು.

ಇಂಥ ಪತ್ರಗಳು ಹಳಿ ತಪ್ಪುವುದು ಕೆಲವು ಗೊತ್ತಿರುವ ಜಾಗಗಳಲ್ಲಿ. ಕೊನೆಯ ದಿನಾಂಕವಿಲ್ಲದೆ ಬರೆದರೆ ಲೈಟ್ ಡ್ಯೂಟಿ ವರ್ಷಗಟ್ಟಲೆ ಎಳೆಯುತ್ತದೆ, ಜೊತೆಯವರ ಮುನಿಸು ಬೆಳೆಯುತ್ತದೆ, ಬೆನ್ನಿನ ಬಲವೂ ಮರಳುವುದಿಲ್ಲ. ಹಿಂದಿನ ದಿನಾಂಕ ಹಾಕಿ ಕೊಡಿ ಎಂಬ ಒತ್ತಾಯಕ್ಕೆ ಮಣಿದರೆ ಅದು ಸುಳ್ಳು ಪ್ರಮಾಣಪತ್ರ, ವೈದ್ಯರ ನೋಂದಣಿಗೇ ಕುತ್ತು. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರೆ ಮೊದಲಿನಷ್ಟೇ ಎತ್ತಬಹುದಲ್ಲ ಎಂದು ಮಾಲೀಕರು ಕೇಳುವುದುಂಟು. ಬೆಲ್ಟ್ ಎತ್ತುವ ಶಕ್ತಿಯನ್ನು ಹೆಚ್ಚಿಸುತ್ತದೆ ಅಥವಾ ಪೆಟ್ಟನ್ನು ತಡೆಯುತ್ತದೆ ಎನ್ನಲು ಸರಿಯಾದ ಆಧಾರವಿಲ್ಲ, ಆದ್ದರಿಂದ ‘ಬೆಲ್ಟ್ ಧರಿಸಿ ಭಾರ ಎತ್ತಬಹುದು’ ಎಂದು ಪತ್ರದಲ್ಲಿ ಬರೆಯಬಾರದು. ‘ನೂರಕ್ಕೆ ನೂರು ಫಿಟ್ ಆದ ಮೇಲೆ ಬನ್ನಿ’ ಎಂಬ ಉತ್ತರ ಬಂದಾಗ ಪತ್ರದ ಕೊನೆಯ ಸಾಲು ನೆರವಿಗೆ ಬರುತ್ತದೆ. ಹಗುರ ಕೆಲಸ ಕೊಡದಿದ್ದರೆ ರಜೆ ಎಂದು ಅದರಲ್ಲಿ ಇರುವುದರಿಂದ, ಮನೆಯಲ್ಲಿ ಉಳಿದ ದಿನಗಳು ಗೈರುಹಾಜರಿ ಎನಿಸಿಕೊಳ್ಳುವುದಿಲ್ಲ.

ಎರಡು ವಾರದ ನಂತರದ ಪರೀಕ್ಷೆಯಲ್ಲಿ ನೋಡುವುದು ಮುಖ್ಯವಾಗಿ ಮರುದಿನ ಬೆಳಗಿನ ಸ್ಥಿತಿಯನ್ನು. ಸಂಜೆ ಬೆನ್ನು ನೊಂದು, ರಾತ್ರಿ ಮಲಗೆದ್ದ ಮೇಲೆ ಮೊದಲಿನಂತಾದರೆ ಹೊರೆ ಸರಿಯಾಗಿದೆ. ನೋವು ಮತ್ತೆ ಮಂಡಿಯ ಕೆಳಗೆ ಇಳಿದರೆ ಹೊರೆ ಹೆಚ್ಚಾಗಿದೆ, ಹಿಂದಿನ ಹಂತಕ್ಕೆ ಮರಳಬೇಕು. ಹೆಬ್ಬೆರಳು ಎತ್ತಲಾಗದಿದ್ದರೆ, ಪಾದ ಎಳೆಯತೊಡಗಿದರೆ ಕೆಲಸದ ಮಾತು ಬಿಟ್ಟು ತಜ್ಞರ ಬಳಿ ಕಳಿಸಬೇಕು. ಉದಾಹರಣೆಯ ಕಾರ್ಮಿಕರಿಗೆ ಎರಡನೇ ಪತ್ರದಲ್ಲಿ ಪೂರ್ತಿ ಎಂಟು ಗಂಟೆ ಮತ್ತು 10 ಕಿಲೋ, ಮೂರನೆಯದರಲ್ಲಿ ಮಂಡಿ ಎತ್ತರದಿಂದ 15 ಕಿಲೋ ಎಣ್ಣೆ ಟಿನ್, ನಾಲ್ಕನೆಯದರಲ್ಲಿ ನೆಲದಿಂದ ಎತ್ತುವುದು ಮತ್ತು 25 ಕಿಲೋ ಚೀಲ ಎಂದು ಏರಿಸಬಹುದು. 50 ಕಿಲೋ ಚೀಲವನ್ನು ಒಬ್ಬರೇ ಎತ್ತುವ ಕೆಲಸಕ್ಕೆ ಮರಳಿ ಕಳಿಸಲು ಮಾತ್ರ ವೈದ್ಯರು ಹಿಂಜರಿದರೆ ಅದು ಸರಿಯೇ. ಆರೋಗ್ಯವಂತರಿಗೆ ನಿಯೋಶ್ ಸೂತ್ರ ಹೇಳುವ ಮಿತಿಯ ಎರಡರಷ್ಟಕ್ಕೂ ಮಿಗಿಲಾದ ತೂಕ ಅದು. ಇಬ್ಬರು ಹಿಡಿದು ಎತ್ತಬೇಕು ಅಥವಾ ಟ್ರಾಲಿ ಬಳಸಬೇಕು ಎಂದು ಕೊನೆಯ ಪತ್ರದಲ್ಲಿ ಬರೆಯುವುದು ಆ ಗೋದಾಮಿನ ಉಳಿದವರ ಬೆನ್ನಿಗೂ ಒಳ್ಳೆಯದು.

ಕೆಲವರಿಗೆ ಪೂರ್ತಿ ಬಲ ಮರಳುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಪಾದ ಸೋತೇ ಉಳಿಯಬಹುದು. ಅಂಥವರಿಗೆ ತಿಂಗಳು ತಿಂಗಳು ಲೈಟ್ ಡ್ಯೂಟಿ ಪತ್ರ ಮುಂದುವರಿಸುವುದರಿಂದ ಪ್ರಯೋಜನವಿಲ್ಲ, ವೈದ್ಯಕೀಯ ಮಂಡಳಿಯಿಂದ ಅಂಗವೈಕಲ್ಯದ ಪ್ರಮಾಣ ಗೊತ್ತುಪಡಿಸಿಕೊಳ್ಳಬೇಕು. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೊಳಗಾದ ನೌಕರರನ್ನು ಸರ್ಕಾರಿ ಸಂಸ್ಥೆಗಳು ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಹಳೆಯ ಕೆಲಸ ಮಾಡಲಾಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಕೆಲಸ ಕೊಡಬೇಕು, ಅಂಥ ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಖಾಸಗಿ ಗೋದಾಮಿನ ಕಾರ್ಮಿಕರಿಗೆ ಈ ರಕ್ಷಣೆ ಇಲ್ಲ. ಕೆಲಸ ಉಳಿಸಿಕೊಳ್ಳಲು ಅವರ ಕೈಯಲ್ಲಿ ಮುಖ್ಯವಾಗಿ ಇರುವುದು ವೈದ್ಯರ ಆ ಪತ್ರ. ಆದ್ದರಿಂದ ಕ್ಲಿನಿಕ್‌ನಿಂದ ಹೊರಡುವ ಮುನ್ನ ಅದನ್ನು ಒಮ್ಮೆ ಓದಿಸಿ ಕೇಳಿ, ತೂಕ, ಎತ್ತರ, ಗಂಟೆ, ಕೊನೆಯ ದಿನಾಂಕ ಇವುಗಳಲ್ಲಿ ಯಾವುದಾದರೂ ಬಿಟ್ಟುಹೋಗಿದ್ದರೆ ಅಲ್ಲೇ ಬರೆಸಿಕೊಳ್ಳಬೇಕು.